"ಮುದುಕ ಮೊದಲೇ ಮೆತ್ತಗಿದ್ದ" ಎಂಬ ಮಾತು ಇನ್ನು ಸಾಕು

ತಿಕೋಟಾದಲ್ಲಿರಲಿ, ಬಬಲೇಶ್ವರದಲ್ಲಿರಲಿ, ಬೈಕು ಯಾರಿಗಾದರೂ ತಾಗಿದರೆ ನಾಲ್ಕು ಹಿರಿಯರು ಸೇರುತ್ತಾರೆ. ಎರಡು ಸಾವಿರ ಕೊಡಿಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಮನೆಗೆ ಕಳಿಸುತ್ತಾರೆ. ತಿಂಗಳಾದ ಮೇಲೆ ಆ ಮನುಷ್ಯ ಹಾಸಿಗೆ ಹಿಡಿದರೆ ಅದೇ ಹಿರಿಯರು ಹೇಳುತ್ತಾರೆ: "ನಮ್ಮ ಹುಡುಗ ಬರೇ ತಾಗಿಸ್ಯಾನ್ರೀ, ಮುದುಕ ಮೊದಲೇ ಮೆತ್ತಗಿದ್ದ." ಈ ಮಾತನ್ನು ಕಾನೂನು ಒಪ್ಪುವುದಿಲ್ಲ. ನಾವೂ ಒಪ್ಪುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಪ್ಪತ್ತರ ಕಾಕಾ ಒಬ್ಬರು ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದಾರೆ. ಫೋನ್ ನೋಡುತ್ತ ಬಂದ ಬೈಕಿನವ ತಾಗಿಸಿದ. ಕಾಕಾ ಬಿದ್ದರು, ಹಣೆಗೆ ಸಣ್ಣ ಬೋರೆ ಬಂತು, ಎದ್ದು ಚಹಾ ಕುಡಿದರು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಅದರ ಮೇಲಿನ ಸಣ್ಣ ರಕ್ತನಾಳಗಳು ಎಳೆದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿಯುತ್ತವೆ. ಗುಳಿಗೆಯಿಂದಾಗಿ ರಕ್ತ ಬೇಗ ನಿಲ್ಲದೆ ಒಳಗೇ ಜಿನುಗುತ್ತದೆ. ಎರಡು ಮೂರು ವಾರಕ್ಕೆ ತಲೆನೋವು, ಮಂಪರು, ತೊದಲು ಮಾತು, ಒಂದು ಕಾಲು ಎಳೆಯುವುದು ಶುರು. ಮನೆಯವರು ವಯಸ್ಸಿನ ದೋಷ ಅನ್ನುತ್ತಾರೆ. ಸಿಟಿ ಸ್ಕ್ಯಾನ್ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಕಾನೂನು ಎರಡು ಪ್ರಶ್ನೆ ಕೇಳುತ್ತದೆ. ಇಂಥ ಬಗೆಯ ಹಾನಿ ಊಹಿಸಬಹುದಾಗಿತ್ತೇ? ಬೈಕು ಬಡಿದರೆ ತಲೆಗೆ ಪೆಟ್ಟಾಗಬಹುದು ಎಂಬುದು ಯಾರಿಗೂ ಗೊತ್ತು. ಇಷ್ಟು ದೊಡ್ಡದಾಗುತ್ತದೆ ಎಂದು ಊಹಿಸಬೇಕಿತ್ತೇ? ಬೇಕಿಲ್ಲ. ಪೆಟ್ಟು ತಿಂದವನ ತಲೆಬುರುಡೆ ತತ್ತಿ ಸಿಪ್ಪೆಯಷ್ಟು ತೆಳುವಾಗಿದ್ದರೂ ತಪ್ಪು ಮಾಡಿದವನೇ ಹೊಣೆ. ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ 1950ರಲ್ಲಿ ಕರಗಿದ ಲೋಹ ಸಿಡಿದು ಕಾರ್ಮಿಕನ ತುಟಿ ಸುಟ್ಟಿತು. ಅಲ್ಲಿ ಮೊದಲೇ ಕ್ಯಾನ್ಸರ್ ಆಗುವ ಲಕ್ಷಣವಿತ್ತು, ಸುಟ್ಟದ್ದರಿಂದ ಅದು ಕೆರಳಿತು, ಮೂರು ವರ್ಷಕ್ಕೆ ಆತ ಸತ್ತ. ಸುಡಬಹುದೆಂದು ಊಹಿಸಬಹುದಾಗಿತ್ತು, ಅಷ್ಟು ಸಾಕು ಎಂದು ನ್ಯಾಯಾಲಯ ಮಾಲೀಕರನ್ನೇ ಹೊಣೆ ಮಾಡಿತು.

ಇದಕ್ಕೆ ಮಿತಿಯೂ ಇದೆ. ಸವಾರನ ತಪ್ಪೇ ಇಲ್ಲದಿದ್ದರೆ ಈ ನಿಯಮ ನಡೆಯದು. ಕಾಕಾ ಆಮೇಲೆ ಹೊಲದ ಬದುವಿನಲ್ಲಿ ಜಾರಿ ಮತ್ತೆ ತಲೆಗೆ ಬಡಿಸಿಕೊಂಡಿದ್ದರೆ, ಯಾವ ಪೆಟ್ಟಿನಿಂದ ರಕ್ತ ಜಿನುಗಿತು ಎಂಬ ತಕರಾರು ಏಳುತ್ತದೆ. ಹಳೆಯ ರೋಗ ಹೇಗೂ ಬೇಗ ಮಲಗಿಸುತ್ತಿತ್ತು ಎಂದು ಸಾಬೀತಾದರೆ ಪರಿಹಾರ ಕಡಿಮೆಯಾಗಬಹುದು.

ಅದಕ್ಕೇ ಕೇಸು ಗೆಲ್ಲುವುದೂ ಸೋಲುವುದೂ ಮೊದಲ ದಿನವೇ. ಅಂದೇ ದವಾಖಾನೆಗೆ ಹೋಗಿ, "ಬೈಕು ಬಡಿದು ಬಿದ್ದರು" ಎಂದು ಬರೆಸಿ, ಎಂಎಲ್‌ಸಿ ಮಾಡಿಸಿ, ಪೊಲೀಸರಿಗೆ ದೂರು ಕೊಡಿ. ಹಳೆಯ ಗುಳಿಗೆ ಚೀಟಿ ಮುಚ್ಚಿಡಬೇಡಿ. ಸಣ್ಣ ಪೆಟ್ಟಿಗೆ ಇಷ್ಟು ದೊಡ್ಡ ಹಾನಿ ಏಕಾಯಿತೆಂದು ವಿವರಿಸುವುದೇ ಆ ಚೀಟಿ. ವಿಜಯಪುರದ ಮೋಟಾರು ಅಪಘಾತ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ.

ಹಿರಿಯರಿಗೆ ನಮ್ಮ ಮಾತು ಒಂದೇ. ರಾಜಿ ಮಾಡಿಸುವ ಮುಂಚೆ ಸ್ಕ್ಯಾನ್ ಮಾಡಿಸಿ. ನೀವು ಒತ್ತಿಸಿದ ಹೆಬ್ಬೆಟ್ಟನ್ನೇ ನಾಳೆ ವಿಮೆ ಕಂಪನಿಯ ವಕೀಲರು ಕೋರ್ಟಿನಲ್ಲಿ ಎತ್ತಿ ಹಿಡಿಯುತ್ತಾರೆ.