ಬೋರ್ಡು ಅವರದು, ಬಾಡಿಗೆ ನಮ್ಮದು

ಪುಣೆಯಲ್ಲಿ ಐಟಿ ನೌಕರಿ ಮಾಡುತ್ತಿರುವ ಹುಬ್ಬಳ್ಳಿಯ ಗೆಳೆಯನೊಬ್ಬ ಕಳೆದ ವರ್ಷ ದೋಸೆ–ಕಾಫಿ ಬ್ರ್ಯಾಂಡೊಂದರ ಫ್ರಾಂಚೈಸಿ ಹಿಡಿಯಲು ಹೊರಟಿದ್ದ. ‘ಎಲ್ಲಾ ಅವ್ರೇ ನೋಡ್ಕೋತಾರಂತಪಾ, ನಾವು ರೊಕ್ಕ ಹಾಕಿದ್ರ ಸಾಕಂತ’ ಎಂದು ಕಂಪನಿ ಕೊಟ್ಟ ಲೆಕ್ಕದ ಹಾಳೆಯನ್ನು ನನ್ನ ಮುಂದಿಟ್ಟ. ಲೆಕ್ಕಪರಿಶೋಧನೆ ನನ್ನ ಕಸುಬು. ಊರಿನ ರುಚಿಯನ್ನು ಪರಊರಲ್ಲಿ ಮಾರುವ ಆಸೆ ನಮ್ಮಂಥ ಅನೇಕರಿಗೆ ಇರುವುದರಿಂದ ಆ ಹಾಳೆಯ ಕಥೆ ಹೇಳುತ್ತೇನೆ.

ಹೂಡಿಕೆ ಒಟ್ಟು 24 ಲಕ್ಷ. ಫ್ರಾಂಚೈಸಿ ಶುಲ್ಕ, ಅಡುಗೆಮನೆ, ಒಳಾಂಗಣ, ಅಂಗಡಿಯ ಡಿಪಾಸಿಟ್ ಎಲ್ಲ ಸೇರಿ. ದಿನಕ್ಕೆ 30 ಸಾವಿರ ವ್ಯಾಪಾರ, ಎರಡು ವರ್ಷದೊಳಗೆ ಬಂಡವಾಳ ವಾಪಸು ಎಂದು ಬರೆದಿತ್ತು. 30 ಸಾವಿರ ಎಲ್ಲಿಂದ ಬಂತು ಎಂದರೆ ಅವನಲ್ಲಿ ಉತ್ತರವಿರಲಿಲ್ಲ.

ಅದೇ ಬ್ರ್ಯಾಂಡಿನ ನಡೆಯುತ್ತಿರುವ ಅಂಗಡಿಗೆ ಹೋಗಿ ಬೆಳಿಗ್ಗೆ ಬಾಗಿಲು ತೆರೆದಾಗ ಒಂದು ಕಾಫಿ, ರಾತ್ರಿ ಮುಚ್ಚುವಾಗ ಇನ್ನೊಂದು ಕಾಫಿ ಕುಡಿದು ಎರಡೂ ಬಿಲ್ ಇಟ್ಟುಕೋ ಎಂದೆ. ಬಿಲ್ಲಿನ ಕ್ರಮಸಂಖ್ಯೆಗಳ ವ್ಯತ್ಯಾಸವೇ ಆ ದಿನದ ಗಿರಾಕಿಗಳ ಲೆಕ್ಕ. ಅಲ್ಲಿ ಆನ್‌ಲೈನ್ ಆರ್ಡರುಗಳಿಗೂ ಅದೇ ಸಂಖ್ಯೆಗಳು ಮುಂದುವರಿಯುತ್ತಿದ್ದವು. ಎರಡು ವಾರದ ದಿನ, ಒಂದು ಭಾನುವಾರ ನೋಡಿದ. ದಿನಕ್ಕೆ ಸರಾಸರಿ 140 ಬಿಲ್. ಕೌಂಟರಿನ ಪಕ್ಕ ಕೂತು ನೋಡಿದರೆ ಒಂದೊಂದು ಸುಮಾರು 140 ರೂಪಾಯಿ. ಅಂದರೆ 20 ಸಾವಿರಕ್ಕೂ ತುಸು ಕಡಿಮೆ.

ತಿಂಗಳಿಗೆ 6 ಲಕ್ಷ ಎಂದೇ ಹಿಡಿಯೋಣ. ದಿನಸಿಗೆ 2.04 ಲಕ್ಷ, ಆರು ಜನರ ಸಂಬಳಕ್ಕೆ 1.30 ಲಕ್ಷ, ಗ್ಯಾಸು–ಕರೆಂಟಿಗೆ 40 ಸಾವಿರ, ಚಿಲ್ಲರೆ ಖರ್ಚಿಗೆ 20 ಸಾವಿರ. ಮೂರನೇ ಒಂದು ಪಾಲು ವ್ಯಾಪಾರ ಡೆಲಿವರಿ ಆ್ಯಪ್‌ಗಳಿಂದ ಬಂದರೆ ಅವುಗಳ ಕಮಿಷನ್ ತೆರಿಗೆ ಸೇರಿ 59 ಸಾವಿರ. ಬಾಡಿಗೆ 80 ಸಾವಿರ, ರಾಯಲ್ಟಿ ಶೇ 6.

ಹಾಳೆಯಲ್ಲಿ ಮರೆಯಾಗಿದ್ದ ಸಂಗತಿ ಇಲ್ಲಿದೆ. ಇಂಥ ಹೋಟೆಲು ಗಿರಾಕಿಯಿಂದ ಶೇ 5 ಜಿಎಸ್‌ಟಿ ವಸೂಲು ಮಾಡುತ್ತದೆ. ಆದರೆ ತಾನು ಕಟ್ಟಿದ ಜಿಎಸ್‌ಟಿಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ರಾಯಲ್ಟಿಯ ಮೇಲೂ ಬಾಡಿಗೆಯ ಮೇಲೂ ಬೀಳುವ ಶೇ 18 ತೆರಿಗೆ ಪೂರ್ತಿ ಖರ್ಚೇ. ಬಾಡಿಗೆ 94 ಸಾವಿರ ದಾಟುತ್ತದೆ, ಶೇ 6ರ ರಾಯಲ್ಟಿ ಶೇ 7.08 ಆಗುತ್ತದೆ. ಎಲ್ಲ ಕಳೆದರೆ ಗೆಳೆಯನಿಗೆ ಉಳಿಯುವುದು ತಿಂಗಳಿಗೆ 10 ಸಾವಿರ. ಸಾಲದ ಬಡ್ಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಅಂಗಡಿಯಿಂದ ಬ್ರ್ಯಾಂಡಿಗೆ 36 ಸಾವಿರ ರಾಯಲ್ಟಿ, ಅದರ ಜೊತೆ ಕಡ್ಡಾಯವಾಗಿ ಅವರಿಂದಲೇ ಕೊಳ್ಳಬೇಕಾದ ಹಿಟ್ಟು, ಸಾಂಬಾರು ಪುಡಿಯ ಮೇಲಿನ ಲಾಭ.

ದಿನಕ್ಕೆ 30 ಸಾವಿರ ವ್ಯಾಪಾರ ನಿಜವಾಗಿಯೂ ಆದರೆ ಇದೇ ಅಂಗಡಿ ತಿಂಗಳಿಗೆ 1.20 ಲಕ್ಷದಷ್ಟು ಕೊಡುತ್ತದೆ, ಏಕೆಂದರೆ ಬಾಡಿಗೆ ಏರುವುದಿಲ್ಲ, ಸಂಬಳ ಸ್ವಲ್ಪವೇ ಏರುತ್ತದೆ. ಹಾಗಾಗಿ ಫ್ರಾಂಚೈಸಿ ಮೋಸ ಎನ್ನಲಾರೆ. ಹೊಸಬನಿಗೆ ಸಿದ್ಧ ಹೆಸರು, ಪಳಗಿದ ಪಾಕವಿಧಾನ, ತರಬೇತಿ ಸಿಗುವುದು ಸಣ್ಣ ಮಾತಲ್ಲ. ಆದರೆ ರಾಯಲ್ಟಿ ಮಾರಾಟದ ಮೇಲೆ ನಿಂತಿದೆ, ನಮ್ಮ ಊಟ ಲಾಭದ ಮೇಲೆ. ಅಂಗಡಿ ನಷ್ಟದಲ್ಲಿದ್ದರೂ ಬ್ರ್ಯಾಂಡು ಗಳಿಸುತ್ತಲೇ ಇರುತ್ತದೆ. ಮೊದಲ ವರ್ಷ ಇಂತಿಷ್ಟು ಮಾರಾಟ ದಾಟುವ ತನಕ ರಾಯಲ್ಟಿ ಬೇಡ ಎನ್ನುವ ಷರತ್ತನ್ನು ಕೇಳಲೇಬೇಕು. ತನ್ನ ಲೆಕ್ಕದ ಹಾಳೆಯನ್ನು ನಂಬುವ ಕಂಪನಿ ಇದಕ್ಕೆ ಒಪ್ಪಲು ಹೆದರಬಾರದು.

ಬ್ರ್ಯಾಂಡಿನ ಕಡೆಯವರ ಸಂಕಟವೂ ಸುಳ್ಳಲ್ಲ. ಪರರ ಬಂಡವಾಳದಲ್ಲಿ ಬೇಗ ಬೆಳೆಯಬಹುದು ನಿಜ, ಆದರೆ ಒಂದು ಅಂಗಡಿಯ ಹಳಸಿದ ಚಟ್ನಿ ಎಲ್ಲ ಅಂಗಡಿಗಳ ಹೆಸರು ಕೆಡಿಸುತ್ತದೆ. ಜಗಳವಾದರೆ ಬಿಡಿಸಿಕೊಳ್ಳುವುದು ದೊಡ್ಡವರಿಗೂ ಸುಲಭವಲ್ಲ. ಮೆಕ್‌ಡೊನಾಲ್ಡ್ಸ್ 2017ರಲ್ಲಿ ರಾಯಲ್ಟಿ ಬಾಕಿಯ ಕಾರಣ ಕೊಟ್ಟು ಉತ್ತರ ಮತ್ತು ಪೂರ್ವ ಭಾರತದ 169 ಮಳಿಗೆಗಳ ಫ್ರಾಂಚೈಸಿ ರದ್ದು ಮಾಡಿತು. ಪಾಲುದಾರ ವಿಕ್ರಮ್ ಬಕ್ಷಿ ಅವರ ಪಾಲನ್ನು ಕೊಂಡು ವ್ಯಾಜ್ಯ ಮುಗಿಸಿದ್ದು 2019ರಲ್ಲಿ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಪ್ಪಂದ ಮುಗಿದ ಮೇಲೂ ಅದೇ ವ್ಯಾಪಾರ ಮಾಡಬಾರದೆಂಬ ಷರತ್ತು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಕಲಿತವನು ಅದೇ ಜಾಗದಲ್ಲಿ ತನ್ನದೇ ಬೋರ್ಡು ಹಾಕಬಹುದು. ಸಾಂಬಾರು ಪುಡಿಯನ್ನು ಅವರು ಬಿಟ್ಟುಕೊಡದಿರುವುದು ಲಾಭಕ್ಕಷ್ಟೇ ಅಲ್ಲ, ಈ ಭಯಕ್ಕೂ.

ಸಹಿ ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಅದರ ಲೆಕ್ಕಪತ್ರಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ನೋಡಬಹುದು. ಆ ಬ್ರ್ಯಾಂಡಿನ ಆದಾಯದಲ್ಲಿ ರಾಯಲ್ಟಿಗಿಂತ ಹೊಸ ಅಂಗಡಿಗಳ ಶುಲ್ಕವೇ ಹೆಚ್ಚಿತ್ತು. ದೋಸೆಗಿಂತ ಅವರು ಅಂಗಡಿ ಮಾರುತ್ತಿದ್ದರು ಅನ್ನಿ.

ಗೆಳೆಯ ರಾಯಲ್ಟಿ ವಿನಾಯಿತಿ ಕೇಳಿ ಪತ್ರ ಬರೆದ. ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ. ಅವನು ನೋಡಿಟ್ಟಿದ್ದ ಜಾಗದಲ್ಲಿ ಈಗ ಅದೇ ಬೋರ್ಡು ಇದೆ, ಗಲ್ಲಾದಲ್ಲಿ ಬೇರೆ ಯಾರೋ ಕೂತಿದ್ದಾರೆ.