ಒಣಗಿದ ಅಂಟೂ ಮೇಜಿನ ಮೆರುಗೂ

ಒಣಗಿದ ಸೂಪರ್ ಗ್ಲೂ ಎಲ್ಲಿದ್ದರೂ ಅಸಿಟೋನಿನಿಂದ ಒರೆಸಬೇಕೆಂಬ ಸಲಹೆ ಎಲ್ಲೆಡೆಯೂ ಕೇಳಿಬರುತ್ತದೆ. ನನ್ನ ಮತದಲ್ಲಿ ಇದು ಗಾಜಿಗೆ ಯುಕ್ತವಾದುದು, ಮೆರುಗು ಹಚ್ಚಿದ ಮರಕ್ಕೆ ಸಲ್ಲದು.

ಗಟ್ಟಿಯಾದ ಈ ಅಂಟು ಒಂದು ಬಗೆಯ ಪ್ಲಾಸ್ಟಿಕ್. ಅಸಿಟೋನ್ ಅದನ್ನು ನಿಧಾನವಾಗಿ ಮೆದುಗೊಳಿಸುತ್ತದೆ. ಗಾಜನ್ನಾಗಲಿ ಪಿಂಗಾಣಿಯ ಹೊಳಪನ್ನಾಗಲಿ ಕರಗಿಸದು. ಅಸಿಟೋನಿನಲ್ಲಿ ನೆನೆಸಿದ ಹತ್ತಿಯನ್ನು ಕಲೆಯ ಮೇಲಿಟ್ಟು, ಆವಿಯಾಗದಂತೆ ಗಾಜಿನ ಬಟ್ಟಲನ್ನು ಬೋರಲು ಹಾಕಿ ಹತ್ತು ನಿಮಿಷ ಕಾಯಿರಿ. ಮೆತ್ತಗಾದ ಅಂಟನ್ನು ಒರೆಸಿ ತೆಗೆಯಬಹುದು. ಪಿಂಗಾಣಿಯ ಮೇಲೆ ಚಿನ್ನದ ಗೆರೆಗಳಿದ್ದರೆ ಅಲ್ಲಿ ಉಜ್ಜದಿರುವುದು ಲೇಸು.

ಮರದ ಮೆರುಗಾದರೋ ಬಹುಮಟ್ಟಿಗೆ ಅರಗು ಅಥವಾ ವಾರ್ನಿಷು. ಅಂಟಿಗೆ ಮುಂಚೆ ಅದೇ ಕರಗಬಹುದು. ನಮ್ಮ ಮನೆಯ ತೇಗದ ಮೇಜಿನ ಮೇಲೆ ಒಂದು ತೊಟ್ಟು ಬಿದ್ದಾಗ, ಮೇಜಿನ ಅಡಿಭಾಗದಲ್ಲಿ ಅಸಿಟೋನ್ ಸೋಕಿದ ಹತ್ತಿಯನ್ನು ಒತ್ತಿ ನೋಡಿದೆನು. ಮೆರುಗು ಜಿಗುಟಾಯಿತು, ಹತ್ತಿಗೆ ಬಣ್ಣ ಹತ್ತಿತು. ಆದಕಾರಣ ಆ ದ್ರವವನ್ನು ಕೈಬಿಟ್ಟೆನು.

ಉಳಿದದ್ದು ಅಂಟಿನ ಬಿರುಸುತನವನ್ನೇ ಬಳಸಿಕೊಳ್ಳುವ ದಾರಿ. ತೊಟ್ಟಿನ ಸುತ್ತಲೂ ಟೇಪು ಅಂಟಿಸಿ, ಹರಿತವಾದ ಬ್ಲೇಡನ್ನು ಬಹುಮಟ್ಟಿಗೆ ಮಲಗಿಸಿ ಹಿಡಿದು, ಉಬ್ಬನ್ನು ತೆಳುಪದರಗಳಾಗಿ ಹೆರೆದೆನು. ಬೆರಳಿಗೆ ಉಬ್ಬು ತಿಳಿಯದಾದೊಡನೆ ನಿಲ್ಲಿಸಿದೆನು. ಮುಂದುವರಿದಿದ್ದರೆ ಮೆರುಗೇ ಹೋಗುತ್ತಿತ್ತು. ಮೇಣ ತಿಕ್ಕಿದ ಬಳಿಕ ಉಳಿದ ಪೊರೆ ಅಷ್ಟಾಗಿ ಕಾಣದು. ಅಂಟಿನ ಕೊನೆಯ ಕಣಕ್ಕಾಗಿ ಮೆರುಗನ್ನು ತೆರುವುದು ಲಾಭದ ವ್ಯಾಪಾರವಲ್ಲ.

ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ; ಹತ್ತಿರದಲ್ಲಿ ಉರಿಯುವ ಒಲೆಯಾಗಲಿ ದೀಪವಾಗಲಿ ಇರಬಾರದು.