ಮಗ ಬೆಂಗಳೂರಲ್ಲಿ, ಟಿವಿ ಊರಲ್ಲಿ: ಇದು ಒಂದು ಮನೆಯೋ ಎರಡೋ?

ಹೋದ ಸೀಸನ್‌ನಲ್ಲಿ ಹುಣಸೂರು ಕಡೆಯ ಒಂದು ಹಳ್ಳಿಗೆ ಸುದ್ದಿಗೆಂದು ಹೋಗಿದ್ದೆ. ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ ಮುಂದೆ ಸೌದೆ ಹಾಕುತ್ತಾ ಕೂತಿದ್ದ ಹಿರಿಯರೊಬ್ಬರು ರೇಟಿನ ಮಾತು ಬಿಟ್ಟು ಬೇರೆಯದೇ ದೂರು ತೆಗೆದರು.

"ನೆನ್ನೆ ರಾತ್ರಿ ಟಿವೀಲಿ ಪಿಚ್ಚರ್ ಹಾಕಿದ್ವಿ ಕಣಪ್ಪ. ಅರ್ಧಕ್ಕೆ ನಿಂತೋಯ್ತು. ಏನೋ ಇಂಗ್ಲಿಷ್‌ನಲ್ಲಿ ಬಂತು. ಮೊಮ್ಮಗಳು ಓದಿ, ಈ ಟಿವಿ ನಿಮ್ಮ ಮನೇದಲ್ವಂತೆ ತಾತ ಅಂದ್ಲು. ದುಡ್ಡು ಕಟ್ಟೋನು ನನ್ನ ಮಗ. ಗೋಡೆ ಎಬ್ಬಿಸಿದೋನು ನಾನು. ಮತ್ತೆ ಯಾರ ಮನೇಪ್ಪಾ ಇದು?"

ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಆದರೆ ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ತಾಲ್ಲೂಕಿಗೆ ಹೋದರೂ ಕಥೆ ಒಂದೇ. ಮಗ ಬೆಂಗಳೂರಿನ ಪಿಜಿಯಲ್ಲಿ, ಮಗಳು ಮೈಸೂರಿನ ಹಾಸ್ಟೆಲ್‌ನಲ್ಲಿ, ಅಪ್ಪ ಅಮ್ಮ ಊರಲ್ಲಿ. ಅಡುಗೆ ಮೂರು ಕಡೆ ಆದರೂ ಮನೆ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ರೇಷನ್ ಕಾರ್ಡಿನಲ್ಲೂ ಹೆಸರು ಒಟ್ಟಿಗೇ ಇರುತ್ತದೆ. ಒಟಿಟಿ ಕಂಪನಿಗಳು ಮಾತ್ರ ಇದನ್ನು ಮೂರು ಮನೆ ಅನ್ನುತ್ತವೆ.

ಈ ನಿಯಮವನ್ನು ದೊಡ್ಡ ಮಟ್ಟದಲ್ಲಿ ಜಾರಿಗೆ ತಂದದ್ದು ನೆಟ್‌ಫ್ಲಿಕ್ಸ್. ಅದರ ನಿಯಮ ಬರವಣಿಗೆಯಲ್ಲೇ ಇರುವುದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2023ರ ಜುಲೈನಲ್ಲಿ ಅದು ಭಾರತದ ಗ್ರಾಹಕರಿಗೆ ಇಮೇಲ್ ಕಳಿಸಿ, ಒಂದು ಅಕೌಂಟ್ ಒಂದು ಮನೆಯವರಿಗೆ ಮಾತ್ರ ಎಂದಿತು. ಮನೆ ಅಂದರೆ ಏನು? ನೀವು ಮುಖ್ಯವಾಗಿ ಎಲ್ಲಿ ಕೂತು ನೋಡುತ್ತೀರೋ ಅಲ್ಲಿಯ ಇಂಟರ್‌ನೆಟ್‌ಗೆ ಸೇರಿದ ಟಿವಿ, ಫೋನುಗಳ ಗುಂಪು. ರಕ್ತಸಂಬಂಧದ ಮಾತೇ ಇಲ್ಲ. ಒಂದೇ ವೈಫೈ ಬಳಸುವ ಇಬ್ಬರು ಅಪರಿಚಿತರು ಒಂದು ಮನೆಯಾಗಬಹುದು, ಅಪ್ಪ ಮಗ ಎರಡು ಮನೆಯಾಗಬಹುದು.

ಇದನ್ನು ಕಂಪನಿ ಪತ್ತೆ ಹಚ್ಚುವ ರೀತಿ ಹೀಗಿದೆ. ಇಂಟರ್‌ನೆಟ್‌ಗೆ ಸೇರಿದ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸ ಅಂತ ಒಂದು ನಂಬರ್ ಇರುತ್ತದೆ. ಪ್ರತಿ ಟಿವಿಗೂ ಫೋನಿಗೂ ತನ್ನದೇ ಗುರುತು ಇರುತ್ತದೆ. ಇವೆರಡನ್ನೂ, ಅಕೌಂಟ್ ಹೇಗೆ ಬಳಕೆಯಾಗುತ್ತಿದೆ ಅನ್ನುವುದನ್ನೂ ಸೇರಿಸಿ ನೋಡಿ, ಈ ಟಿವಿ ಆ ಮನೆಯದಲ್ಲ ಎಂದು ತೀರ್ಮಾನವಾಗುತ್ತದೆ. ಆಗ ಟಿವಿ ಪರದೆಯ ಮೇಲೆ ಸೂಚನೆ ಬರುತ್ತದೆ. ತಾತ್ಕಾಲಿಕವಾಗಿ ನೋಡಬೇಕೆಂದರೆ ಅಕೌಂಟ್ ಮಾಡಿದವರ ಇಮೇಲ್‌ಗೋ ಫೋನಿಗೋ ಒಂದು ಕೋಡ್ ಹೋಗುತ್ತದೆ. ಅದನ್ನು 15 ನಿಮಿಷದೊಳಗೆ ಟಿವಿಯಲ್ಲಿ ಒತ್ತಬೇಕು. ಮಗ ಬೆಂಗಳೂರಲ್ಲಿ ನೈಟ್ ಶಿಫ್ಟ್‌ನಲ್ಲಿದ್ದರೆ, ಫೋನ್ ತೆಗೆಯದಿದ್ದರೆ, ಊರಲ್ಲಿ ಪಿಚ್ಚರ್ ಅಲ್ಲಿಗೆ ಮುಗಿಯಿತು.

ನಮ್ಮ ಹಳ್ಳಿಗಳಿಗೆ ಇನ್ನೊಂದು ತೊಡಕೂ ಇದೆ. ಈ ನಿಯಮ ಬರೆದವರ ತಲೆಯಲ್ಲಿದ್ದದ್ದು ಗೋಡೆಗೆ ವೈಫೈ ಡಬ್ಬಿ ಹೊಡೆದ ಮನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿವಿಗೆ ನೆಟ್ ಬರುವುದು ಫೋನಿನ ಹಾಟ್‌ಸ್ಪಾಟ್‌ನಿಂದ. ಇವತ್ತು ಅಪ್ಪನ ಫೋನ್, ನಾಳೆ ಡೇಟಾ ಮುಗಿದರೆ ಚಿಕ್ಕಪ್ಪನ ಫೋನ್. ಮೊಬೈಲ್ ನೆಟ್‌ವರ್ಕ್‌ನಲ್ಲಿ ಐಪಿ ವಿಳಾಸ ಒಂದೇ ಕಡೆ ನಿಲ್ಲುವುದಿಲ್ಲ, ಬದಲಾಗುತ್ತಲೇ ಇರುತ್ತದೆ. ಟಿವಿ ಗೂಟಕ್ಕೆ ಕಟ್ಟಿದ ಹಸುವಿನಂತೆ ಒಂದೇ ಮೂಲೆಯಲ್ಲಿದ್ದರೂ, ಅದಕ್ಕೆ ಸಿಗುವ ಇಂಟರ್‌ನೆಟ್ ಮಾತ್ರ ಊರೂರು ಸುತ್ತಿದಂತೆ ಕಾಣಬಹುದು. ಹೀಗಾಗಿ ಇದು ಕದ್ದು ನೋಡುವವರಿಗೆ ಹಾಕಿದ ಬೇಲಿಯಾದರೂ, ಮುಳ್ಳು ಮೊದಲು ಚುಚ್ಚುವುದು ವೈಫೈ ಇಲ್ಲದ ಮನೆಗೆ.

ಇನ್ನು ದುಡ್ಡಿನ ವಿಷಯ. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಮನೆ ಹೊರಗಿನ ಒಬ್ಬರನ್ನು ಅದೇ ಅಕೌಂಟಿಗೆ ಸೇರಿಸಿಕೊಳ್ಳಲು ಹೆಚ್ಚುವರಿ ಶುಲ್ಕ ಇಟ್ಟಿದೆ. 2023ರಲ್ಲಿ ಅದು ತಿಂಗಳಿಗೆ 7.99 ಡಾಲರ್ ಇತ್ತು, 2025ರಲ್ಲಿ ಜಾಹೀರಾತಿಲ್ಲದ್ದು 8.99 ಡಾಲರ್ ಆಯಿತು. ಆ ವರ್ಷ ಅಲ್ಲಿಯ ಸ್ಟ್ಯಾಂಡರ್ಡ್ ಪ್ಲಾನ್ 17.99 ಡಾಲರ್ ಇತ್ತು. ಅಂದರೆ ಎರಡನೇ ಮನೆಗೆ ಸುಮಾರು ಅರ್ಧ ಬೆಲೆ. ಭಾರತದಲ್ಲಿ ಆ ಅವಕಾಶವನ್ನೇ ಕೊಡಲಿಲ್ಲ. ಈಗಾಗಲೇ ಬೆಲೆ ಇಳಿಸಿದ್ದೇವೆ ಅನ್ನುವುದು ಕಂಪನಿ ಕೊಟ್ಟ ಕಾರಣ. ಅದು ಸುಳ್ಳಲ್ಲ. 2021ರ ಡಿಸೆಂಬರ್‌ನಲ್ಲಿ ಮೊಬೈಲ್ ಪ್ಲಾನ್ 199ರಿಂದ 149ಕ್ಕೆ, ಬೇಸಿಕ್ 499ರಿಂದ 199ಕ್ಕೆ, ಸ್ಟ್ಯಾಂಡರ್ಡ್ 649ರಿಂದ 499ಕ್ಕೆ ಇಳಿಯಿತು. ಆದರೆ ಅದರ ಅರ್ಥ ಏನು? ಅಲ್ಲಿ ಸೇರಿಸಿಕೊಳ್ಳಲು ಶುಲ್ಕ, ಇಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಬೇಕಾದರೆ ಪೂರ್ತಿ ಹೊಸ ಅಕೌಂಟ್ ಮಾಡಿ.

ಹಾಗಾದರೆ ನಮ್ಮ ಮೂರು ಒಲೆಯ ಸಂಸಾರದ ಲೆಕ್ಕ ಹಾಕೋಣ. ಮಗ 499ರ ಸ್ಟ್ಯಾಂಡರ್ಡ್ ಪ್ಲಾನ್ ಹಾಕಿಸಿದ್ದಾನೆ. ಅದರಲ್ಲಿ ಒಂದೇ ಸಲಕ್ಕೆ ಎರಡು ಕಡೆ ನೋಡಬಹುದು. ಮೂವರೂ ಅದರಲ್ಲೇ ಹೊಂದಿಸಿಕೊಂಡಿದ್ದರು. ಈಗ ನಿಯಮ ಬಿಗಿಯಾಯಿತು. ಮಗ ತನ್ನದನ್ನು ಹಾಗೇ ಇಟ್ಟುಕೊಂಡು, ಅಪ್ಪ ಅಮ್ಮನ ಟಿವಿಗೆ 199ರ ಬೇಸಿಕ್, ತಂಗಿಯ ಫೋನಿಗೆ 149ರ ಮೊಬೈಲ್ ಪ್ಲಾನ್ ಹಾಕಿಸಿದರೆ ಒಟ್ಟು 847 ರೂಪಾಯಿ. ತಿಂಗಳಿಗೆ 348 ಜಾಸ್ತಿ, ವರ್ಷಕ್ಕೆ 4176. ಬಹಳ ಜನ ಮಾಡುವುದು ಇದನ್ನೇ.

ಆದರೆ ಮಗ ಒಬ್ಬನೇ ನೋಡುವುದಾದರೆ ಅವನಿಗೆ ಎರಡು ಪರದೆ ಯಾಕೆ ಬೇಕು? ಅವನೂ 199ಕ್ಕೆ ಇಳಿದರೆ ಮೂರೂ ಸೇರಿ 547. ಮೊದಲಿಗಿಂತ 48 ರೂಪಾಯಿ ಮಾತ್ರ ಹೆಚ್ಚು, ವರ್ಷಕ್ಕೆ 576. ಚಿತ್ರದ ಸ್ಪಷ್ಟತೆ ಸ್ವಲ್ಪ ಕಡಿಮೆ ಇರುತ್ತದೆ ಅಷ್ಟೆ. ಮೊಬೈಲ್ ಪ್ಲಾನ್ ಟಿವಿಯಲ್ಲಿ ಬರುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಬೇರೆ ಅಕೌಂಟಾದರೆ ಇನ್ನೊಂದು ಅನುಕೂಲವೂ ಉಂಟು: ಕೋಡ್ ಕೇಳಿದರೂ ಅದು ಅಪ್ಪನ ಫೋನಿಗೇ ಬರುತ್ತದೆ, ಬೆಂಗಳೂರಿಗೆ ಹೋಗುವುದಿಲ್ಲ. ನೋಡಿದ್ದು, ಗುರುತು ಹಾಕಿಟ್ಟದ್ದು ಹೋಗಿಬಿಡುತ್ತದೆ ಅಂತ ಹೆದರುವವರಿಗೆ ಸೆಟ್ಟಿಂಗ್ಸ್‌ನಲ್ಲಿ Transfer Profile ಅಂತ ಇದೆ. ಅದರಿಂದ ಪ್ರೊಫೈಲನ್ನು ಹೊಸ ಅಕೌಂಟಿಗೆ ಸಾಗಿಸಬಹುದು.

ತಿಂಗಳಿಗೆ 48 ರೂಪಾಯಿ ತಾನೇ, ಅದಕ್ಕೆ ಇಷ್ಟು ಮಾತೇಕೆ ಅಂತ ಕೇಳಬಹುದು. ನನ್ನ ತಕರಾರು ಆ 48 ರೂಪಾಯಿಯದ್ದಲ್ಲ. ಈ ಲೆಕ್ಕ ನಿಂತಿರುವುದು ಇವತ್ತಿನ ರೇಟಿನ ಮೇಲೆ, ರೇಟು ನಿಲ್ಲುವುದಿಲ್ಲ. ಅಮೆಜಾನ್ ಪ್ರೈಮ್ 2016ರಲ್ಲಿ ವರ್ಷಕ್ಕೆ 499ಕ್ಕೆ ಶುರುವಾಯಿತು, ಆಮೇಲೆ 999 ಆಯಿತು, 2021ರ ಡಿಸೆಂಬರ್‌ನಲ್ಲಿ 1499 ಆಯಿತು. 2025ರ ಜೂನ್‌ನಿಂದ ಅದರ ವಿಡಿಯೋದಲ್ಲಿ ಜಾಹೀರಾತು ಬಂತು, ಬೇಡವೆಂದರೆ ವರ್ಷಕ್ಕೆ ಇನ್ನೂ 699. 2023ರಲ್ಲಿ ಐಪಿಎಲ್ ಅನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಅದೇ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ, 2026ರ ಜನವರಿಯಲ್ಲಿ ವರ್ಷದ ಪ್ರೀಮಿಯಂ ಪ್ಲಾನ್ 1499ರಿಂದ 2199ಕ್ಕೆ ಏರಿತು. ಮೊದಲು ಅಗ್ಗ, ಆಮೇಲೆ ಅಭ್ಯಾಸ, ಆಮೇಲೆ ಏರಿಕೆ. ಒಂದು ಮನೆಗೆ ಏರಿದರೆ ಒಂದು ಪಾಲು ಹೊರೆ. ಮೂರು ಮನೆ ಅಂತ ಎಣಿಸಿದ ಮೇಲೆ ಪ್ರತಿ ಏರಿಕೆಯೂ ಮೂರು ಪಾಲು.

ಕಂಪನಿಗಳ ವಾದದಲ್ಲೂ ನ್ಯಾಯ ಇಲ್ಲವೆಂದಲ್ಲ. ಒಂದು ಅಕೌಂಟ್ ತೆಗೆದುಕೊಂಡು ಅದರ ಪ್ರೊಫೈಲ್‌ಗಳನ್ನು ವಾಟ್ಸಾಪ್ ಗುಂಪಿನಲ್ಲಿ ಮಾರುವವರಿದ್ದಾರೆ. ಸಿನಿಮಾ ಮಾಡಿದವನಿಗೂ ದುಡ್ಡು ಸೇರಬೇಕು. ಆದರೆ ಮಾರಿಕೊಳ್ಳುವವನನ್ನೂ, ಹೆತ್ತವರಿಗೆ ಪಿಚ್ಚರ್ ತೋರಿಸುವ ಮಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕೇಬಲ್ ಕಾಲದಲ್ಲಿ ಇದಕ್ಕೊಂದು ದಾರಿ ಮಾಡಿದ್ದರು. ಒಂದೇ ಮನೆಯಲ್ಲಿ ಎರಡನೇ ಟಿವಿ ಇದ್ದರೆ, ಅದಕ್ಕೆ ಕೇಬಲ್ ಮತ್ತು ಡಿಶ್‌ನವರು ನೆಟ್‌ವರ್ಕ್ ಶುಲ್ಕದ ಶೇ. 40ಕ್ಕಿಂತ ಹೆಚ್ಚು ಕೇಳಬಾರದು ಎಂದು 2020ರಲ್ಲಿ ಟ್ರಾಯ್ ನಿಯಮ ತಂದಿತ್ತು. 2024ರಲ್ಲಿ ಆ ಶುಲ್ಕಗಳ ಮಿತಿ ಸಡಿಲಿಸಿದರು, ಅದು ಬೇರೆ ಮಾತು. ಎರಡನೇ ಪರದೆಗೆ ಪೂರ್ತಿ ಬೆಲೆ ನ್ಯಾಯವಲ್ಲ ಅನ್ನುವ ತತ್ವವನ್ನು ನಮ್ಮ ದೇಶ ಒಮ್ಮೆ ಒಪ್ಪಿತ್ತು ಅನ್ನುವುದು ಮುಖ್ಯ. ಒಟಿಟಿಯ ಬೆಲೆಗೆ ಅಂಥ ನಿಯಂತ್ರಣ ಇಲ್ಲ.

ನಾನು ಕೇಳುವುದು ಎರಡೇ. ಒಂದು, ಅಮೆರಿಕದವರಿಗೆ ಕೊಟ್ಟ ಹಾಗೆ ನಮಗೂ ಅರ್ಧ ಬೆಲೆಗೆ ಊರಿನ ಮನೆಯನ್ನು ಸೇರಿಸಿಕೊಳ್ಳುವ ಅವಕಾಶ ಕೊಡಿ. ಎರಡು, ಟಿವಿ ಮೇಲೆ ಬರುವ ಆ ಸೂಚನೆ ಕನ್ನಡದಲ್ಲಿರಲಿ. ದುಡ್ಡು ಕೊಟ್ಟವರಿಗೆ ಯಾಕೆ ನಿಂತಿತು ಅನ್ನುವುದಾದರೂ ತಿಳಿಯಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದಿದೆ. ಯುಪಿಐ ಆ್ಯಪ್‌ನಲ್ಲಿ Autopay ಅಂತ ಇರುವ ಕಡೆ ಹೋಗಿ ನೋಡಿ, ಯಾವ ಯಾವ ಚಂದಾ ತಾನಾಗಿ ಕಟ್ ಆಗುತ್ತಿದೆ ಅಂತ ಕಾಣುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೀಗೆ ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆ ಮೆಸೇಜಿನಲ್ಲಿ ಮೊತ್ತ ಇರುತ್ತದೆ. ಹೋದ ಸಲಕ್ಕಿಂತ ಜಾಸ್ತಿ ಇದ್ದರೆ ರೇಟು ಏರಿದೆ ಅಂತಲೇ ಅರ್ಥ, ನಿಲ್ಲಿಸಲು ಒಂದು ದಿನ ಸಮಯವಿದೆ. ತಿಂಗಳ ಪ್ಲಾನ್ ಇದ್ದರೆ ಬಿತ್ತನೆ, ಕಟಾವು, ಸೊಪ್ಪು ಬೇಯಿಸುವ ತಿಂಗಳಲ್ಲಿ ನಿಲ್ಲಿಸಿ, ಬಿಡುವಾದಾಗ ಮತ್ತೆ ಹಾಕಿಸಿ. ನೋಡದ ತಿಂಗಳಿಗೂ ದುಡ್ಡು ಕಟ್ಟಬೇಕೆಂಬ ಕರಾರು ಯಾರೂ ಬರೆದುಕೊಟ್ಟಿಲ್ಲ.

ಬ್ಯಾರನ್ ಮುಂದೆ ಕೂತಿದ್ದ ಆ ಹಿರಿಯರಿಗೆ ಅವತ್ತು ಇಷ್ಟೆಲ್ಲ ಹೇಳಲು ನನಗೆ ಗೊತ್ತಿರಲಿಲ್ಲ. ಕೋಡ್ ಬರುತ್ತೆ, ಮಗನಿಗೆ ಫೋನ್ ಮಾಡಿ ಅಂದೆ. "ಪಿಚ್ಚರ್ ನೋಡಕ್ಕೂ ಮಗನ್ನ ಎಬ್ಬಿಸ್ಬೇಕಾ? ಬ್ಯಾಡ ಬುಡು, ಮಲಗವ್ನೆ" ಅಂದು ಇನ್ನೊಂದು ಸೌದೆ ಒಲೆಗೆ ತಳ್ಳಿದರು.